ಒಂದೇ ಮೇಜಿನ ಅಲ್ಯೂಮಿನಿಯಂ ತಣ್ಣಗೆ, ತೇಗ ಬೆಚ್ಚಗೆ: ಮಕ್ಕಳಿಗೆ ತೋರಿಸುವ ಬಗೆ

ರಾತ್ರಿಯಿಡೀ ಒಂದೇ ಮೇಜಿನ ಮೇಲಿದ್ದ ಲೋಹ ಮತ್ತು ಮರ ಬೆಳಗ್ಗೆ ಒಂದೇ ತಾಪದಲ್ಲಿರುತ್ತವೆ ಎಂದರೆ ಹೈಸ್ಕೂಲು ಮಕ್ಕಳು ಒಪ್ಪುತ್ತಾರೆ. ಎರಡನ್ನೂ ಮುಟ್ಟಿದ ಕೂಡಲೇ ಆ ಒಪ್ಪಿಗೆ ಬಿದ್ದುಹೋಗುತ್ತದೆ. ಹಾಗಾಗಿ ಬಾಯಿಮಾತಿನ ವಿವರಣೆ ಬಿಟ್ಟು, ಅಳೆದು ತೋರಿಸುವುದೇ ನನ್ನ ಪದ್ಧತಿ.

ಬೇಕಾದದ್ದು ಎರಡು ತುಂಡು. 10 ಸೆಂ.ಮೀ. ಚೌಕದ, 1 ಸೆಂ.ಮೀ. ದಪ್ಪದ ಒಂದು ಅಲ್ಯೂಮಿನಿಯಂ ಪ್ಲೇಟು, ಅದೇ ಅಳತೆಯ ಒಂದು ತೇಗದ ತುಂಡು. ಪ್ಲೇಟಿಗೆ ಪೀಣ್ಯದ ಕಡೆಯ ಯಾವುದಾದರೂ ವರ್ಕ್‌ಶಾಪಿನಲ್ಲಿ ಕತ್ತರಿಸಿ ಉಳಿದ ತುಂಡು ಕೇಳಿದರೆ ಸಾಕು. ತೇಗವನ್ನು ಬಡಗಿಯ ಹತ್ತಿರ ಪಾಲಿಶ್ ಹಾಕದ್ದೇ ತನ್ನಿ, ಸ್ಯಾಂಡ್ ಪೇಪರಿನಿಂದ ನುಣ್ಣಗೆ ಉಜ್ಜಿ. ಮೇಲ್ಮೈ ಒರಟಾಗಿದ್ದರೆ ಬೆರಳಿನ ಕೆಳಗೆ ಗಾಳಿ ಉಳಿಯುತ್ತದೆ, ಆಮೇಲೆ ಬೆಚ್ಚಗಿರುವುದು ಮರದಿಂದಲೋ ಗಾಳಿಯಿಂದಲೋ ಎಂಬ ಅನುಮಾನ ಬರುತ್ತದೆ.

ಎರಡನ್ನೂ ಹಿಂದಿನ ಸಂಜೆಯೇ ಮೇಜಿನ ಮೇಲಿಡಬೇಕು. ಕಿಟಕಿಯ ಬಿಸಿಲು, ಫ್ಯಾನಿನ ಗಾಳಿ ತಾಗಬಾರದು. ಲೋಹ ಬೇಗ ಕೋಣೆಯ ತಾಪಕ್ಕೆ ಬರುತ್ತದೆ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ಈ ಅಳತೆಯ ತುಂಡುಗಳಲ್ಲಿ ಆಗುವುದು ಉಲ್ಟಾ. ಶಾಖವೆಲ್ಲ ಮೇಲ್ಮೈಯಿಂದ ಗಾಳಿಗೆ ದಾಟಬೇಕು, ಆ ದಾರಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಆದರೆ ಅಲ್ಯೂಮಿನಿಯಂ ತುಂಡಿನಲ್ಲಿ ತುಂಬಿರುವ ಶಾಖ ಮರದ ತುಂಡಿನ ಎರಡರಷ್ಟು. ಹೊರಗಿನಿಂದ ತಂದಿಟ್ಟ ಪ್ಲೇಟಿನ ಹೆಚ್ಚುವರಿ ತಾಪದಲ್ಲಿ ಮೂರರಲ್ಲಿ ಎರಡು ಭಾಗ ಕಳೆಯಲು ಸುಮಾರು 20 ನಿಮಿಷ ಬೇಕು, ಪೂರ್ತಿ ಸಮವಾಗಲು ಒಂದೂವರೆ ಗಂಟೆ. ಕೈಯಲ್ಲಿ ಹಿಡಿದು ಓಡಾಡಿಸಿದ ಪ್ಲೇಟನ್ನು ತಕ್ಷಣ ಅಳೆದು, "ಒಂದೇ ತಾಪ ಬರಲಿಲ್ಲ" ಎನ್ನುವುದು ಇದಕ್ಕೇ.

ಅಳೆಯುವಾಗಲೇ ಹೆಚ್ಚು ಎಡವಟ್ಟಾಗುವುದು. ಕೋವಿಡ್ ಕಾಲದಲ್ಲಿ ಬಂದ ಥರ್ಮಾಮೀಟರ್ ಗನ್ ಈಗ ಎಲ್ಲ ಶಾಲೆಯಲ್ಲೂ ಇದೆ, ಎಲ್ಲರೂ ಮೊದಲು ಅದಕ್ಕೇ ಕೈಹಾಕುತ್ತಾರೆ. ಹೊಳೆಯುವ ಅಲ್ಯೂಮಿನಿಯಂ ತಾನಾಗಿ ಬಹಳ ಕಡಿಮೆ ಅವಕೆಂಪು ಕಿರಣ ಸೂಸುತ್ತದೆ, ಸುತ್ತಲಿನದನ್ನು ಕನ್ನಡಿಯಂತೆ ಹಿಂದಕ್ಕೆ ಕಳಿಸುತ್ತದೆ. ಆದ್ದರಿಂದ ಗನ್ ತೋರಿಸುವುದು ಬಹುಪಾಲು ಎದುರಿಗೆ ಬಗ್ಗಿ ನಿಂತವರ ಮುಖದ ತಾಪ. ಎರಡೂ ತುಂಡಿಗೆ ಒಂದೊಂದು ಚೂರು ಕಪ್ಪು ಇನ್ಸುಲೇಶನ್ ಟೇಪ್ ಗಾಳಿ ನಿಲ್ಲದಂತೆ ಅಂಟಿಸಿ, ಐದು ನಿಮಿಷ ಬಿಟ್ಟು, ಟೇಪಿನ ಮೇಲೆಯೇ ಗುರಿಯಿಟ್ಟರೆ ಅಂಕಿ ಸರಿಯಾಗಿ ಬರುತ್ತದೆ. ಗನ್ನನ್ನು ದೇಹದ ಮೋಡಿನಿಂದ ವಸ್ತುವಿನ ಮೋಡಿಗೆ ಬದಲಿಸಿರಬೇಕು, ಇಲ್ಲದಿದ್ದರೆ ಅದು ತನ್ನದೇ ಲೆಕ್ಕ ಸೇರಿಸಿ ತೋರಿಸುತ್ತದೆ.

ನನಗೆ ಇದಕ್ಕಿಂತ ತಂತಿಯ ತುದಿಗೆ ಸೆನ್ಸರ್ ಇರುವ ಡಿಜಿಟಲ್ ಥರ್ಮಾಮೀಟರೇ ಇಷ್ಟ. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಒಂದನ್ನೇ ಬಳಸಿ, ಎರಡು ತುಂಡಿಗೂ ಸರದಿಯಂತೆ ಇಡಿ. ಎರಡು ಬೇರೆ ಸೆನ್ಸರ್ ಇಟ್ಟರೆ ಅವುಗಳ ನಡುವೆಯೇ ಅರ್ಧ ಡಿಗ್ರಿ ವ್ಯತ್ಯಾಸ ಇರಬಹುದು. ಸೆನ್ಸರಿನ ಮೇಲೆ ಥರ್ಮೋಕೋಲ್ ತುಂಡು ಒತ್ತಿ, ಮೂರು ನಿಮಿಷ ಕಾಯಿರಿ. ಜನವರಿ ಬೆಳಗಿನ ಬೆಂಗಳೂರಿನ ಕೋಣೆಯಲ್ಲಿ 23 ಡಿಗ್ರಿ ಇದ್ದರೆ, ಲೋಹವೂ 23, ಮರವೂ 23.

ಈಗ ಮುಟ್ಟಿಸಿ. ಎರಡೂ ಕೈ ಒಟ್ಟಿಗೆ ಇಡಬೇಕು, ಆಮೇಲೆ ಕೈ ಬದಲಿಸಬೇಕು. ಒಂದೇ ಕೈಯಲ್ಲಿ ಮೊದಲು ಲೋಹ ಮುಟ್ಟಿದರೆ ಚರ್ಮ ಆಗಲೇ ತಣಿದಿರುತ್ತದೆ.

ಚರ್ಮದ ನರಗಳಿಗೆ ಗೊತ್ತಾಗುವುದು ಚರ್ಮದ ತಾಪ ಮಾತ್ರ, ವಸ್ತುವಿನದಲ್ಲ. ಅಂಗೈ ಸುಮಾರು 33 ಡಿಗ್ರಿ. ಅದು 23 ಡಿಗ್ರಿಯ ವಸ್ತುವಿಗೆ ತಾಗಿದ ಕ್ಷಣ, ಎರಡೂ ಕೂಡುವ ಗೆರೆಯಲ್ಲಿ ನಡುವಿನ ಒಂದು ತಾಪ ನಿಲ್ಲುತ್ತದೆ. ಅದು ಯಾರ ಕಡೆಗೆ ವಾಲುತ್ತದೆ ಎಂಬುದು ಎಫ್ಯುಸಿವಿಟಿ ಎಂಬ ಗುಣದ ಮೇಲೆ ನಿಂತಿದೆ. ಉಷ್ಣವಾಹಕತೆ, ಸಾಂದ್ರತೆ, ವಿಶಿಷ್ಟೋಷ್ಣ ಮೂರನ್ನೂ ಗುಣಿಸಿ ವರ್ಗಮೂಲ ತೆಗೆದರೆ ಅದೇ ಎಫ್ಯುಸಿವಿಟಿ. ಒಳಕ್ಕೆ ಎಳೆದುಕೊಳ್ಳುವ ವೇಗ, ಎಳೆದುಕೊಂಡದ್ದನ್ನು ಇಟ್ಟುಕೊಳ್ಳುವ ಜಾಗ, ಎರಡೂ ಇದರಲ್ಲಿ ಸೇರಿವೆ. ಲೆಕ್ಕ ಹೀಗೆ. ಇದರಲ್ಲಿ e1, T1 ಚರ್ಮದ ಎಫ್ಯುಸಿವಿಟಿ ಮತ್ತು ತಾಪ, e2, T2 ವಸ್ತುವಿನವು, T ಕೂಡುವ ಗೆರೆಯ ತಾಪ:

```
T = (e1*T1 + e2*T2) / (e1 + e2)
```

ಎಸ್ಐ ಮಾನದಲ್ಲಿ ಚರ್ಮಕ್ಕೆ ಸುಮಾರು 1200, ತೇಗಕ್ಕೆ 400, ಅಲ್ಯೂಮಿನಿಯಂಗೆ 24,000 ಎಂದಿಟ್ಟುಕೊಳ್ಳಿ. ತೇಗ ಮುಟ್ಟಿದಾಗ ಚರ್ಮದ ಮೇಲ್ಪದರ 33ರಿಂದ 30.5ಕ್ಕೆ ಇಳಿಯುತ್ತದೆ, ಅಲ್ಯೂಮಿನಿಯಂ ಮುಟ್ಟಿದಾಗ 23.5ಕ್ಕೆ. ಏಳು ಡಿಗ್ರಿಯ ಈ ಅಂತರ ಚರ್ಮದಲ್ಲಿ ನಿಜಕ್ಕೂ ಆಗುವ ಅಂತರ. ಆದ್ದರಿಂದ "ಅದು ನಿಮ್ಮ ಭ್ರಮೆ" ಎಂದು ಮಕ್ಕಳಿಗೆ ಹೇಳುವುದು ತಪ್ಪು. ಬೆರಳು ಸರಿಯಾಗಿಯೇ ಅಳೆದಿದೆ, ತನ್ನನ್ನು ತಾನು ಅಳೆದುಕೊಂಡಿದೆ ಅಷ್ಟೇ.

ಇದೇ ಲೆಕ್ಕದಲ್ಲಿ ಸ್ಟೀಲನ್ನೂ ನೋಡಬೇಕು. ಸ್ಟೇನ್‌ಲೆಸ್ ಸ್ಟೀಲಿನ ಉಷ್ಣವಾಹಕತೆ ಅಲ್ಯೂಮಿನಿಯಂನದರ ಹದಿನೈದರಲ್ಲಿ ಒಂದು ಪಾಲು ಮಾತ್ರ. ಹಾಗಿದ್ದೂ ಅದರ ಎಫ್ಯುಸಿವಿಟಿ 7700ರ ಆಸುಪಾಸು, ಮುಟ್ಟಿದಾಗಿನ ತಾಪ 24.3. ದಪ್ಪ ತುಂಡುಗಳಾದರೆ ಮುಟ್ಟಿದ ಕ್ಷಣದಲ್ಲಿ ಎರಡು ಲೋಹಗಳ ವ್ಯತ್ಯಾಸ ಕೈಗೆ ತಿಳಿಯುವುದು ಕಷ್ಟ. ಎಫ್ಯುಸಿವಿಟಿಯಲ್ಲಿ ಚರ್ಮಕ್ಕಿಂತ ಬಹಳ ಮೇಲಿರುವ ಯಾವ ವಸ್ತುವಾದರೂ ಗೆರೆಯ ತಾಪವನ್ನು ತನ್ನ ಹತ್ತಿರಕ್ಕೇ ಎಳೆದುಕೊಳ್ಳುತ್ತದೆ, ಅದಕ್ಕಿಂತ ಇನ್ನೂ ಮೇಲೆ ಹೋದರೆ ಸಿಗುವ ಲಾಭ ಕಡಿಮೆ.

ಇಷ್ಟಾದ ಮೇಲೆ ಐಸ್ ಇಡುತ್ತೇನೆ. ಇಡುವ ಮುಂಚೆ, ಯಾವುದರ ಮೇಲೆ ಮೊದಲು ಕರಗುತ್ತದೆ ಎಂದು ಮಕ್ಕಳಿಂದ ಬರೆಸಿಕೊಳ್ಳಬೇಕು. ಮರ ಬೆಚ್ಚಗಿದೆ, ಅದರ ಮೇಲೇ ಎಂದು ಅನೇಕರು ಬರೆಯುತ್ತಾರೆ. 10 ಗ್ರಾಂ ತೂಗುವ ಒಂದೊಂದು ಕ್ಯೂಬ್ ಇಟ್ಟರೆ ಅಲ್ಯೂಮಿನಿಯಂ ಮೇಲಿನದು ಕಣ್ಣೆದುರೇ ಕುಸಿಯುತ್ತದೆ, ಮರದ ಮೇಲಿನದು ಮೂಲೆಯೂ ಸವೆಯದೆ ಕೂತಿರುತ್ತದೆ. 10 ಗ್ರಾಂ ಐಸ್ ಕರಗಲು 3340 ಜೂಲ್ ಬೇಕು. ಪ್ಲೇಟಿನ ತೂಕ 270 ಗ್ರಾಂ, ಒಂದು ಡಿಗ್ರಿ ಇಳಿದರೆ 243 ಜೂಲ್ ಬಿಡುತ್ತದೆ. ಗಾಳಿಯ ನೆರವಿಲ್ಲದೆಯೇ ಸುಮಾರು 14 ಡಿಗ್ರಿ ತಣಿದು ಇಡೀ ಐಸನ್ನು ಕರಗಿಸಬಲ್ಲದು. ಆಮೇಲೆ ಎರಡರ ಅಂಚನ್ನೂ ಮುಟ್ಟಿ ನೋಡಿ. ಪ್ಲೇಟು ಮೂಲೆಯವರೆಗೂ ಕೊರೆಯುತ್ತಿರುತ್ತದೆ. ಮರ ಐಸಿನ ಅಡಿಯಲ್ಲಿ ಮಾತ್ರ ತಣ್ಣಗಿರುತ್ತದೆ, ಅಂಚು ಮೊದಲಿದ್ದಂತೆಯೇ ಇರುತ್ತದೆ.

ಏಪ್ರಿಲ್‌ನಲ್ಲಿ ಇದನ್ನು ಮಾಡಲು ಹೋದರೆ ಕೈಕೊಡುತ್ತದೆ. ಶೀಟು ಹೊದಿಸಿದ ಮೇಲ್ಮಹಡಿಯ ಕೋಣೆ ಮಧ್ಯಾಹ್ನ 33–34 ಡಿಗ್ರಿಗೆ ಬಂದಾಗ ಅಂಗೈಗೂ ವಸ್ತುವಿಗೂ ತಾಪದ ಅಂತರವೇ ಇರುವುದಿಲ್ಲ, ಲೋಹವೂ ಮರವೂ ಒಂದೇ ಥರ ಅನ್ನಿಸುತ್ತವೆ. ಹಾಗೆ ನೋಡಿದರೆ ಅದೂ ಒಳ್ಳೆಯ ಪ್ರಯೋಗವೇ. ಬೇರೆ ತಿಂಗಳಲ್ಲಿ ಬೇಕಿದ್ದರೆ ಮುಚ್ಚಳವಿರುವ ಥರ್ಮೋಕೋಲ್ ಡಬ್ಬದಲ್ಲಿ ಬಿಸಿನೀರಿನ ಬಾಟಲಿ ಜೊತೆಗಿಟ್ಟು ಎರಡನ್ನೂ 34ಕ್ಕೆ ತಂದು ತೋರಿಸಬಹುದು. 45ಕ್ಕೆ ಏರಿಸಿದರೆ ಲೋಹವೇ ಹೆಚ್ಚು ಬಿಸಿ ಅನ್ನಿಸುತ್ತದೆ. ಅದಕ್ಕಿಂತ ಮೇಲೆ ಮಕ್ಕಳ ಕೈಗೆ ಕೊಡಬೇಡಿ.

ಕೊನೆಗೆ, "ಲೋಹ ಅಂದರೆ ತಣ್ಣಗೆ" ಎಂದು ಮಕ್ಕಳು ಬರೆದುಕೊಳ್ಳದಂತೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಥರ್ಮೋಕೋಲ್ ಮೇಲೆ ಹರಡಿ ಮುಟ್ಟಿಸಿ. ತಣ್ಣಗೆ ಅನ್ನಿಸುವುದೇ ಇಲ್ಲ. ಮೇಲಿನ ಸೂತ್ರ ದಪ್ಪ ವಸ್ತುವಿಗೆ ಮಾತ್ರ ಸರಿ. ಫಾಯಿಲ್ ಶಾಖ ಎಳೆಯುತ್ತದೆ ನಿಜ, ಇಟ್ಟುಕೊಳ್ಳಲು ಅದರಲ್ಲಿ ಜಾಗವಿಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಬೆರಳಿನ ತಾಪಕ್ಕೆ ಬಂದುಬಿಡುತ್ತದೆ. ಅದೇ ಫಾಯಿಲನ್ನು ಹತ್ತಾರು ಮಡಿಕೆ ಮಾಡಿ, ಸುತ್ತಿಗೆಯಿಂದ ಬಡಿದು ಗಟ್ಟಿ ಬಿಲ್ಲೆ ಮಾಡಿ, ಒಂದು ಗಂಟೆ ಬಿಟ್ಟು ಮುಟ್ಟಿಸಿದರೆ ತಣ್ಣಗಿರುತ್ತದೆ.