ತಪ್ಪು ಆರ್ಡರ್, ಅರ್ಥವಾಗದ ಶುಲ್ಕ: ಕಂಪ್ಲಯನ್ಸ್ ಆಫೀಸರ್‌ಗೆ ಬರೆದು ಹಣ ವಾಪಸ್ ಪಡೆದ ನನ್ನ ಅನುಭವ

"ಅವನೂ ಬ್ರೋಕರ್ ಹತ್ತಿರವೇ ಸಂಬಳ ತಗೊಳ್ಳೋನು, ನಿನ್ನ ಪರ ಯಾಕೆ ಮಾತಾಡ್ತಾನೆ?" ಬ್ರೋಕರ್ ಕಂಪನಿ ನಿಯಮದ ಪ್ರಕಾರ ನಡೆಯುತ್ತಿದೆಯೇ ಅಂತ ನೋಡಿಕೊಳ್ಳುವ ಕಂಪ್ಲಯನ್ಸ್ ಆಫೀಸರ್‌ಗೆ ಬರೀತೀನಿ ಅಂದಾಗ ಗೆಳೆಯರೆಲ್ಲ ಹೀಗೇ ಹೇಳಿದ್ದರು. ಸುಮಾರು ಎರಡೂವರೆ ತಿಂಗಳು ಹಿಡಿಯಿತು. ಆದರೆ ಹಣ ಬಂತು. ಹೇಗೆ ಬಂತು ಅಂತ ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ ಬರೆದವು, ಒಂದೆರಡು ಆಚೀಚೆ ಇರಬಹುದು.

ಅವತ್ತು ಬ್ರೋಕರ್ ಕಡೆಯ ಡೀಲರ್‌ಗೆ ಫೋನ್ ಮಾಡಿ 500 ಶೇರ್ ಮಾರಲು ಹೇಳಿದೆ. 415ಕ್ಕೆ ಲಿಮಿಟ್, ಅಂದರೆ ಅದಕ್ಕಿಂತ ಕಡಿಮೆಗೆ ಮಾರಬಾರದು. ಆಗ ಬೆಲೆ 411ರ ಆಸುಪಾಸಿನಲ್ಲಿತ್ತು. ಅದು ವಹಿವಾಟು ಕಡಿಮೆ ಇರುವ ಶೇರ್, ಕೊಳ್ಳುವವರ ಸಾಲು ಬಹಳ ತೆಳ್ಳಗೆ. ಡೀಲರ್ ಅದನ್ನು ಮಾರ್ಕೆಟ್ ಆರ್ಡರ್, ಅಂದರೆ ಆಗ ಸಿಕ್ಕ ಬೆಲೆಗೆ ಮಾರುವ ಆರ್ಡರ್ ಆಗಿ ಹಾಕಿಬಿಟ್ಟ. ಎರಡೇ ನಿಮಿಷದಲ್ಲಿ 120 ಶೇರ್ 411ಕ್ಕೆ, 180 ಶೇರ್ 406.50ಕ್ಕೆ, ಉಳಿದ 200 ಶೇರ್ 398ಕ್ಕೆ ಹೋದವು. ಸರಾಸರಿ 404 ಚಿಲ್ಲರೆ. ನಾನು ಕೇಳಿದ ಬೆಲೆಗೂ ಸಿಕ್ಕ ಬೆಲೆಗೂ ಒಟ್ಟು ಸುಮಾರು 5,400 ವ್ಯತ್ಯಾಸ.

ಅವತ್ತು ನಾನು ಒಂದು ಕೆಲಸ ಸರಿಯಾಗಿ ಮಾಡಿದೆ, ಕೊನೆಗೆ ಅದೇ ನನ್ನನ್ನು ಉಳಿಸಿತು. ಅವತ್ತಿನ ವ್ಯಾಪಾರದ ವಿವರ ಇರುವ ಕಾಂಟ್ರ್ಯಾಕ್ಟ್ ನೋಟ್ ಬಂದ ಸಂಜೆಯೇ ಎರಡು ಸಾಲಿನ ಮೇಲ್ ಕಳಿಸಿದೆ: "ನಾನು ಕೊಟ್ಟದ್ದು 415ರ ಲಿಮಿಟ್ ಆರ್ಡರ್. ಈ ವ್ಯಾಪಾರವನ್ನು ಒಪ್ಪುವುದಿಲ್ಲ. ಬೆಳಗಿನ ಕರೆಯ ರೆಕಾರ್ಡಿಂಗ್ ಉಳಿಸಿಡಿ." ಸುಮ್ನಿದ್ದರೆ ಬ್ರೋಕರ್ ಕಡೆಯವರು ಮೌನವೇ ಸಮ್ಮತಿ ಅಂತ ವಾದ ಮಾಡುತ್ತಾರೆ, ಮುಂದೆ ಅವರು ಅದನ್ನೇ ಮಾಡಲು ನೋಡಿದರು ಕೂಡ. ಕರೆ ರೆಕಾರ್ಡಿಂಗ್‌ಗಳನ್ನು ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ. ಬರವಣಿಗೆಯಲ್ಲಿ ಉಳಿಸಿಡಿ ಅಂತ ಕೇಳಿದ ಮೇಲೆ "ಅಳಿಸಿಹೋಯಿತು" ಅನ್ನುವುದು ಅವರಿಗೂ ಕಷ್ಟ.

ಆಮೇಲೆ ಮಾಡಿದ್ದೆಲ್ಲ ತಪ್ಪು. ಮೊದಲು ಹೆಲ್ಪ್‌ಡೆಸ್ಕ್‌ಗೆ ಹೋದೆ. "ಲಭ್ಯವಿದ್ದ ಉತ್ತಮ ಮಾರುಕಟ್ಟೆ ಬೆಲೆಗೆ ಆರ್ಡರ್ ನಡೆದಿದೆ" ಅಂತ ಉತ್ತರ ಬಂತು, ಟಿಕೆಟ್ ಮುಚ್ಚಿತು. ನಂತರ ರಿಲೇಶನ್‌ಶಿಪ್ ಮ್ಯಾನೇಜರ್‌ಗೆ ಮೂರು ಪುಟ ಬರೆದೆ. ಸಿಟ್ಟು, ಎಷ್ಟು ವರ್ಷದ ಗ್ರಾಹಕ ಅನ್ನುವ ಕತೆ, ಶುಲ್ಕದ ತಕರಾರು, ಎಲ್ಲ ಒಂದರಲ್ಲೇ ತುಂಬಿದ್ದೆ. ಅವರು ಶುಲ್ಕದ ಬಗ್ಗೆ ನಾಲ್ಕು ಮಾತು ಬರೆದರು, ಆರ್ಡರ್ ವಿಷಯ ಎತ್ತಲೇ ಇಲ್ಲ. ಹೀಗೆ ಮೂರು ವಾರ ಹೋಯಿತು.

ಶುಲ್ಕದ ವಿಷಯ ಏನಂದರೆ, ನನ್ನ ಒಪ್ಪಂದದ ಪ್ರಕಾರ ಡೀಲರ್ ಮೂಲಕ ಹಾಕಿದ ಒಂದು ಆರ್ಡರ್‌ಗೆ ಕನಿಷ್ಠ ಬ್ರೋಕರೇಜ್ 25. ಈ ಆರ್ಡರ್ ಮೂರು ತುಂಡಾಗಿ ಹೋಗಿತ್ತಲ್ವಾ, ಮೂರು ಸಲ 25 ಹಾಕಿದ್ದರು. ಒಂದೇ ಆರ್ಡರ್, ಶುಲ್ಕ 75. ಅನುಮಾನ ಬಂದು ಏಳು ತಿಂಗಳ ಕಾಂಟ್ರ್ಯಾಕ್ಟ್ ನೋಟ್‌ಗಳನ್ನು ಲೆಡ್ಜರ್ ಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ನೋಡಿದೆ. ಎರಡು ರಾತ್ರಿ ಬೇಕಾಯಿತು. ಹೀಗೆ ಜಾಸ್ತಿ ತಗೊಂಡದ್ದು 1,100ರ ಹತ್ತಿರ. ಇನ್ನೊಂದು, ಯಾವ ಕಾಂಟ್ರ್ಯಾಕ್ಟ್ ನೋಟ್‌ನಲ್ಲೂ ಇಲ್ಲದ "ಇತರೆ ಸೇವೆ 99" ಅನ್ನುವ ಸಾಲು ಲೆಡ್ಜರ್‌ನಲ್ಲಿ ಪ್ರತಿ ತಿಂಗಳೂ ಇತ್ತು. ಕಾಂಟ್ರ್ಯಾಕ್ಟ್ ನೋಟ್ ಮಾತ್ರ ನೋಡುವವರಿಗೆ ಇದು ಕಾಣುವುದೇ ಇಲ್ಲ.

ಇದು ಒಂದು ದಿನದ ಎಡವಟ್ಟೋ, ಅವರ ಸಾಫ್ಟ್‌ವೇರ್ ಹೀಗೇ ಲೆಕ್ಕ ಹಾಕುತ್ತದೋ ಅಂತ ತಿಳಿಯಬೇಕಿತ್ತು. ಅದಕ್ಕೆ ಅದೇ ಕಂಪನಿಯ 40 ಶೇರ್‌ಗೆ ಒಂದು ಲಿಮಿಟ್ ಆರ್ಡರನ್ನು ಬೇಕಂತಲೇ ಡೀಲರ್ ಮೂಲಕ ಹಾಕಿಸಿದೆ. ಎರಡು ತುಂಡಾಗಿ ಹೋಯಿತು, ಶುಲ್ಕ 50. ಮಾರನೇ ದಿನ ವಹಿವಾಟು ಜಾಸ್ತಿ ಇರುವ ಇನ್ನೊಂದು ಶೇರ್‌ನಲ್ಲಿ ಅಷ್ಟನ್ನೇ ಹಾಕಿಸಿದೆ. ಒಂದೇ ಸಲಕ್ಕೆ ಹೋಯಿತು, ಶುಲ್ಕ 25. ಈ ಪ್ರಯೋಗಕ್ಕೆ ಕೈಯಿಂದ ಸ್ವಲ್ಪ ಹೋಯಿತು. ಆದರೆ ಆರ್ಡರ್‌ಗೆ ಒಂದು ಸಲದ ಬದಲು ತುಂಡಿಗೆ ಒಂದು ಸಲ ಶುಲ್ಕ ಬೀಳುತ್ತಿದೆ ಅನ್ನುವುದು ಖಚಿತವಾಯಿತು.

ಕಂಪ್ಲಯನ್ಸ್ ಆಫೀಸರ್‌ಗೆ ಬರೆಯುವಾಗ ಎರಡು ಪ್ರತ್ಯೇಕ ದೂರು ಮಾಡಿದೆ, ಒಂದೊಂದೂ ಒಂದು ಪುಟ ಮೀರದ ಹಾಗೆ. "ಇದು ಲಿಖಿತ ದೂರು, ದೂರು ಸಂಖ್ಯೆ ಕೊಡಿ" ಅಂತ ಮೊದಲ ಸಾಲಿನಲ್ಲೇ ಹಾಕಿದೆ. ಆರ್ಡರ್ ದೂರಿನಲ್ಲಿ ನ್ಯಾಯ ಕೊಡಿ ಅಂತ ಕೇಳಲಿಲ್ಲ, ದಾಖಲೆ ಕೇಳಿದೆ. ಕರೆಯ ರೆಕಾರ್ಡಿಂಗ್, ಆರ್ಡರ್ ಲಾಗ್‌ನಲ್ಲಿ ದಾಖಲಾದ ಆರ್ಡರ್ ಬಗೆ ಮತ್ತು ಬೆಲೆ, ಸಿಸ್ಟಮ್‌ಗೆ ಹಾಕಿದ ಮತ್ತು ನಡೆದ ಸಮಯ, ಯಾವ ಲಾಗಿನ್‌ನಿಂದ ಹಾಕಿದ್ದು. ಲಾಗ್‌ನಲ್ಲಿ "ಮಾರ್ಕೆಟ್" ಅಂತಿದ್ದು ರೆಕಾರ್ಡಿಂಗ್‌ನಲ್ಲಿ "415" ಅಂತಿದ್ದರೆ ಮುಂದೆ ವಾದ ಮಾಡಲು ಏನೂ ಉಳಿಯುವುದಿಲ್ಲ. ಆ ದೂರಿನಲ್ಲಿ ಇನ್ನೊಂದು ವಾಕ್ಯವೂ ಇತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ, ಎಲ್ಲರೂ ಅದನ್ನೇ ನಕಲು ಮಾಡಿದರೆ ಅದರ ಬಲ ಹೋಗುತ್ತದೆ.

ಹತ್ತು ದಿನಕ್ಕೆ ಬ್ರೋಕರ್ ಕಡೆಯಿಂದ ಫೋನ್ ಬಂತು. ಶುಲ್ಕವನ್ನು "ಸೌಹಾರ್ದಕ್ಕಾಗಿ" ವಾಪಸ್ ಕೊಡುತ್ತೇವೆ, ಒಂದು ಪತ್ರಕ್ಕೆ ಸಹಿ ಹಾಕಿ ಅಂದರು. ಪತ್ರ ಓದಿದರೆ "ಎಲ್ಲ ತಕರಾರುಗಳೂ ಪೂರ್ತಿ ಬಗೆಹರಿದಿವೆ" ಅಂತಿತ್ತು. 1,800 ಕೊಟ್ಟು 5,400ರ ಬಾಗಿಲು ಮುಚ್ಚುವ ಲೆಕ್ಕ! ಸಹಿ ಹಾಕಲಿಲ್ಲ. "ಶುಲ್ಕದ ದೂರಿಗೆ ಸಂಬಂಧಿಸಿದ ಹಣವನ್ನು ಮಾತ್ರ ಒಪ್ಪುತ್ತೇನೆ, ಆರ್ಡರ್ ದೂರು ಹಾಗೇ ಇದೆ" ಅಂತ ಮೇಲ್ ಮಾಡಿದೆ. ದೂರು ಎರಡು ಮಾಡಿದ್ದರಿಂದಲೇ ಇದು ಸಾಧ್ಯವಾಯಿತು. ಅದೇ ವಾರ ಸುಮಾರು 1,800 ಜಮಾ ಆಯಿತು.

ಆರ್ಡರ್ ವಿಷಯದಲ್ಲಿ ಡೀಲರ್‌ನದೇ ತಪ್ಪು ಅಂತ ಕಂಪ್ಲಯನ್ಸ್ ಆಫೀಸರ್ ರೆಕಾರ್ಡಿಂಗ್ ಕೇಳಿದ ಮೇಲೆ ಒಪ್ಪಿಕೊಂಡರು. ಆದರೆ ಒಂದು ಒಳ್ಳೆಯ ಪ್ರಶ್ನೆ ಎತ್ತಿದರು: "ಲಿಮಿಟ್ ಹಾಕಿದ್ದರೂ 415ಕ್ಕೆ ಹೋಗುತ್ತಿತ್ತು ಅನ್ನುವುದಕ್ಕೆ ಏನು ಆಧಾರ?" ಬೆಲೆ ಅವತ್ತು 415 ಮುಟ್ಟದೇ ಇದ್ದಿದ್ದರೆ ನನ್ನ ಲೆಕ್ಕವೇ ಬೀಳುತ್ತಿತ್ತು. ಪುಣ್ಯಕ್ಕೆ ಮಧ್ಯಾಹ್ನದ ಮೇಲೆ 417, 418ರವರೆಗೆ ಏರಿತ್ತು. ಅವತ್ತಿನ ಒಂದೊಂದು ವ್ಯಾಪಾರದ ಸಮಯ, ಬೆಲೆ, ಸಂಖ್ಯೆ ಇರುವ ಪಟ್ಟಿಯನ್ನು ನಾನು ಆಗಲೇ ಉಳಿಸಿಟ್ಟಿದ್ದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಸರಿಯಾಗಿ 415ಕ್ಕೇ ನಡೆದ ವ್ಯಾಪಾರ ಸಾಕ್ಷಿಯಾಗುವುದಿಲ್ಲ, ಯಾಕಂದರೆ ಅದೇ ಬೆಲೆಗೆ ನನಗಿಂತ ಮೊದಲು ಸಾಲಿನಲ್ಲಿ ನಿಂತವರು ಇರಬಹುದು. 415ಕ್ಕಿಂತ ಮೇಲೆ ನಡೆದದ್ದು ಮಾತ್ರ ಗಟ್ಟಿ. 415ಕ್ಕೆ ಮಾರುವವನು ಕಾಯುತ್ತಿರುವಾಗ ಅವನನ್ನು ಬಿಟ್ಟು 416ಕ್ಕೆ ವ್ಯಾಪಾರ ನಡೆಯಲು ಎಕ್ಸ್‌ಚೇಂಜ್ ಬಿಡುವುದಿಲ್ಲ. ಅಂಥ ಸಾಲುಗಳನ್ನು ಕೂಡಿಸಿದರೆ 430 ಶೇರ್ ಆಯಿತು. ಉಳಿದ 70ಕ್ಕೆ ನನ್ನ ಹತ್ತಿರ ಗಟ್ಟಿ ಆಧಾರ ಇರಲಿಲ್ಲ, ಅದನ್ನು ನಾನೇ ಬರೆದು ತಿಳಿಸಿದೆ. ಅದಾದ ಮೇಲೆ ಅವರ ಉತ್ತರಗಳ ಧಾಟಿಯೇ ಬದಲಾಯಿತು.

430 ಶೇರ್, ಒಂದಕ್ಕೆ 10.80ರ ಹಾಗೆ, 4,650ರ ಆಸುಪಾಸು ಜಮಾ ಆಯಿತು. 70ರ ಪಾಲನ್ನು ಬಿಟ್ಟುಕೊಟ್ಟೆ. "ಇತರೆ ಸೇವೆ" ಸಾಲು ಲೆಡ್ಜರ್‌ನಿಂದ ಹೋಯಿತು. ಹೋದ ತಿಂಗಳು ಡೀಲರ್ ಮೂಲಕ ಮತ್ತೆ ಒಂದು ಸಣ್ಣ ಆರ್ಡರ್ ಹಾಕಿಸಿದೆ. ಮೂರು ತುಂಡಾಗಿ ಹೋಯಿತು, ಶುಲ್ಕ 25 ಮಾತ್ರ ಬಿತ್ತು.