ಎರಡು ಇನ್‌ವಾಯ್ಸ್ ನಂಬರ್, ಒಂದು ಕಂಟೇನರ್: ಫ್ರೈಟ್ ಏಜೆಂಟ್‌ಗೆ ನಾನು ಈಗ ಬರೆಯುವ ಮೇಲ್

ಬೆಂಗಳೂರಿನಲ್ಲಿ ನಮ್ಮದೊಂದು ಸಣ್ಣ ಅಗರಬತ್ತಿ ಘಟಕ. ಮೊದಲ ಸಲ ದುಬೈಗೆ ಒಂದು ಇಪ್ಪತ್ತು ಅಡಿ ಕಂಟೇನರ್ ಕಳಿಸಿದಾಗ ಏಜೆಂಟ್‌ಗೆ ನಾನು ಬರೆದದ್ದು ಎರಡೇ ಸಾಲು: 'ಸರ್, ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಲಗತ್ತಿಸಿದ್ದೇನೆ. ಆದಷ್ಟು ಬೇಗ ಕಳಿಸಿಕೊಡಿ.' ಮಾಲು ಸುಸೂತ್ರವಾಗಿ ಜೆಬೆಲ್ ಅಲಿ ತಲುಪಿತು. ಗಿರಾಕಿ ದುಡ್ಡೂ ಹಾಕಿದ. ನಾನು ಕಟ್ಟಿದ್ದ ಐಜಿಎಸ್‌ಟಿ ಮಾತ್ರ ವಾಪಸ್ ಬರಲಿಲ್ಲ.

ಮಾಲಿನ ಬೆಲೆ 14,60,000 ರೂಪಾಯಿ. ಅಗರಬತ್ತಿಗೆ 5% ತೆರಿಗೆ, ಅಂದರೆ 73,000. ನಮ್ಮಂಥವರಿಗೆ ಅದು ಒಂದು ತಿಂಗಳ ಕೂಲಿಯ ದೊಡ್ಡ ಪಾಲು. ತೆರಿಗೆ ಕಟ್ಟಿ ರಫ್ತು ಮಾಡಿದರೆ ರೀಫಂಡ್‌ಗೆ ಬೇರೆ ಅರ್ಜಿ ಹಾಕಬೇಕಾಗಿಲ್ಲ, ಏಜೆಂಟ್ ಕಸ್ಟಮ್ಸ್‌ಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್ಲೇ ಅರ್ಜಿ. ಅದಕ್ಕೇ ನಾನು ನಿಶ್ಚಿಂತೆಯಾಗಿದ್ದೆ. ಎರಡು ತಿಂಗಳಾದ ಮೇಲೆ ಕಸ್ಟಮ್ಸ್‌ನ ಜಾಲತಾಣ ICEGATE ತೆರೆದು ನೋಡಿದರೆ ನಮ್ಮ ಶಿಪ್ಪಿಂಗ್ ಬಿಲ್ ಎದುರಿಗೆ SB005 ಅಂತ ಇತ್ತು. ಶಿಪ್ಪಿಂಗ್ ಬಿಲ್ಲಿನಲ್ಲಿರುವ ಇನ್‌ವಾಯ್ಸ್ ನಂಬರ್ರೂ ನಾವು ಜಿಎಸ್‌ಟಿ ರಿಟರ್ನ್ GSTR-1ರಲ್ಲಿ ಕೊಟ್ಟ ನಂಬರ್ರೂ ಹೊಂದುತ್ತಿಲ್ಲ ಅಂತ ಅದರ ಅರ್ಥ.

ತಪ್ಪು ಎಲ್ಲಿಯದು ಅಂತ ಹುಡುಕಿದಾಗ ನನ್ನ ಮೇಜಿನ ಮೇಲೇ ಸಿಕ್ಕಿತು. ನಮ್ಮ ಲೆಕ್ಕದ ಹುಡುಗ ತಂತ್ರಾಂಶದಲ್ಲಿ ತೆರಿಗೆ ಇನ್‌ವಾಯ್ಸ್ ಮಾಡಿದ್ದ, ಅದರ ನಂಬರ್ 118. ಗಿರಾಕಿಗೆ ಡಾಲರ್‌ನಲ್ಲಿ ಚೆಂದವಾಗಿ ಕಾಣಲಿ ಅಂತ ನಾನು ಎಕ್ಸೆಲ್‌ನಲ್ಲಿ ಇನ್ನೊಂದು ಮಾಡಿದ್ದೆ, ಅದಕ್ಕೆ EXP-03 ಅಂತ ನನ್ನದೇ ನಂಬರ್. ಲಾರಿ ಜೊತೆ ಇ-ವೇ ಬಿಲ್‌ನಲ್ಲಿ ಹೋದದ್ದು 118. ಏಜೆಂಟ್‌ಗೆ ಮೇಲ್‌ನಲ್ಲಿ ಹೋದದ್ದು EXP-03. ಅವರ ಆಫೀಸಿನ ಹುಡುಗಿಗೆ ಫೋನ್ ಮಾಡಿ ಸ್ವಲ್ಪ ಜೋರಾಗೇ ಕೇಳಿದೆ. 'ಸರ್, ನೀವು ಕೊಟ್ಟಿದ್ದನ್ನೇ ಹಾಕಿದೀವಿ' ಅಂದಳು. ನಿಜ ತಾನೇ?

ಹಡಗು ಹೊರಟು, ಅದರಲ್ಲಿ ಹೋದ ಸರಕಿನ ಪಟ್ಟಿಯಾದ ಇಜಿಎಂ ಕಸ್ಟಮ್ಸ್‌ಗೆ ಸಲ್ಲಿಕೆಯಾದ ಮೇಲೆ ಶಿಪ್ಪಿಂಗ್ ಬಿಲ್ ತಿದ್ದಿಸುವುದು ಸುಲಭವಲ್ಲ. ಎರಡೂ ನಂಬರ್ ಒಂದೇ ಮಾಲಿನವು ಅಂತ ತೋರಿಸುವ ಹೊಂದಾಣಿಕೆ ಪಟ್ಟಿ ಮಾಡಿ, ಸಹಿ ಹಾಕಿ, ಕಸ್ಟಮ್ಸ್‌ಗೆ ಕೊಟ್ಟು, ಅಧಿಕಾರಿ ತಮ್ಮ ಕಡೆಯಿಂದ ಸರಿಪಡಿಸುವವರೆಗೆ ಕಾಯಬೇಕಾಯಿತು. ದುಡ್ಡು ಬಂತು. ಅಷ್ಟರಲ್ಲಿ ಎರಡನೇ ಆರ್ಡರ್ರೂ ಬಂದಿತ್ತು.

ಎರಡನೇ ಸಲ ಮೇಲ್ ಬರೆಯುವ ಮೊದಲು ಒಂದು ಕೆಲಸ ಮಾಡಿದೆ. ರಫ್ತಿಗೆ ಅಂತಲೇ ಬೇರೆ ಇನ್‌ವಾಯ್ಸ್ ಸರಣಿ ಶುರು ಮಾಡಿಸಿದೆ: EX/2425/02. ಜಿಎಸ್‌ಟಿ ಇನ್‌ವಾಯ್ಸ್ ನಂಬರ್ 16 ಅಕ್ಷರ ಮೀರಬಾರದು, ಹಾಗಾಗಿ ಚಿಕ್ಕದಾಗಿಟ್ಟೆ. ತೆರಿಗೆ ಇನ್‌ವಾಯ್ಸ್‌ಗೂ ಡಾಲರ್ ಇನ್‌ವಾಯ್ಸ್‌ಗೂ ಅದೇ ನಂಬರ್, ಅದೇ ತಾರೀಖು. ಆಮೇಲೆ ಬರೆದ ಮೇಲ್ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

> ವಿಷಯ: EX/2425/02, ಅಗರಬತ್ತಿ, 1x20 ಅಡಿ, ವೈಟ್‌ಫೀಲ್ಡ್ ಐಸಿಡಿಯಿಂದ ಜೆಬೆಲ್ ಅಲಿ
>
> ನಮಸ್ಕಾರ ಸರ್,
>
> 420 ಪೆಟ್ಟಿಗೆ. ನಿವ್ವಳ ತೂಕ 5,880 ಕೆಜಿ, ಒಟ್ಟು ತೂಕ 6,804 ಕೆಜಿ. ಎಚ್‌ಎಸ್ ಕೋಡ್ 33074100. ಮರದ ಪ್ಯಾಲೆಟ್ ಇಲ್ಲ, ಬರೀ ರಟ್ಟಿನ ಪೆಟ್ಟಿಗೆ. ಬೆಲೆ ಸಿಐಎಫ್; ಸಾಗಣೆ ಮತ್ತು ವಿಮೆ ಇನ್‌ವಾಯ್ಸ್‌ನಲ್ಲಿ ಬೇರೆ ಬೇರೆ ತೋರಿಸಿದ್ದೇನೆ.
>
> ಇದು ಐಜಿಎಸ್‌ಟಿ ಕಟ್ಟಿ ಮಾಡುವ ರಫ್ತು, ಎಲ್‌ಯುಟಿ ಅಲ್ಲ. ಶಿಪ್ಪಿಂಗ್ ಬಿಲ್ಲಿನಲ್ಲಿ ಮೇಲಿನ ಇನ್‌ವಾಯ್ಸ್ ನಂಬರ್ ಒಂದೇ ಬರಲಿ.
>
> ಲಗತ್ತು: ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಎಂಎಸ್‌ಡಿಎಸ್. ಐಇಸಿ ಮತ್ತು ಎಡಿ ಕೋಡ್ ಹಿಂದಿನ ಸಲದ್ದೇ.
>
> ಫೈಲ್ ಮಾಡುವ ಮೊದಲು ಚೆಕ್‌ಲಿಸ್ಟ್ ಕಳಿಸಿ. ನಾನು 'ಓಕೆ' ಅಂತ ಬರೆದು ಉತ್ತರಿಸಿದ ಮೇಲೆ ಫೈಲ್ ಮಾಡಿ. ಬಿಎಲ್ ಡ್ರಾಫ್ಟ್ ಕೂಡ ಹಾಗೆಯೇ. ಇನ್ನೂ ಬೇರೆ ಯಾವ ಕಾಗದ ಬೇಕು, ಎಸ್‌ಐ ಮತ್ತು ವಿಜಿಎಂ ಕಟ್‌ಆಫ್ ಯಾವಾಗ, ತಿಳಿಸಿ.

ಎಂಎಸ್‌ಡಿಎಸ್, ಅಂದರೆ ವಸ್ತುವಿನ ಸುರಕ್ಷತಾ ವಿವರಪತ್ರ, ಯಾಕೆ ಅಂದರೆ, ನಮ್ಮದು ಸುಗಂಧ ತೈಲ ಹಚ್ಚಿದ, ಹೊತ್ತಿಕೊಳ್ಳುವ ವಸ್ತು. ಇದು ಅಪಾಯಕಾರಿ ಸರಕಿನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ಹಡಗಿನ ಕಂಪನಿ ಕೇಳುತ್ತದೆ. ಮೊದಲ ಸಲ ಇದನ್ನು ಕೊನೇ ದಿನ ಕೇಳಿದ್ದರು, ರಾತ್ರಿ ಕೂತು ತೈಲ ಮಾರಿದವರ ಬೆನ್ನು ಹತ್ತಿದ್ದೆ.

ಆ ಮೇಲ್‌ನಲ್ಲಿ ಅತಿ ಮುಖ್ಯವಾದದ್ದು ಚೆಕ್‌ಲಿಸ್ಟ್ ಕೇಳಿದ ಸಾಲು. ಶಿಪ್ಪಿಂಗ್ ಬಿಲ್ ಸಲ್ಲಿಸುವ ಮೊದಲು ಏಜೆಂಟ್ ಕಡೆ ಅದರ ಕರಡು ತಯಾರಾಗುತ್ತದೆ, ಅವರ ಭಾಷೆಯಲ್ಲಿ ಅದೇ ಚೆಕ್‌ಲಿಸ್ಟ್. ಅಲ್ಲಿ ತಪ್ಪು ಸಿಕ್ಕರೆ ಒಂದು ಫೋನ್‌ನಲ್ಲಿ ಸರಿ ಹೋಗುತ್ತದೆ. ನಾನು ಅದನ್ನು ಪ್ರಿಂಟ್ ತೆಗೆದು, ಇನ್‌ವಾಯ್ಸ್ ಪಕ್ಕದಲ್ಲಿಟ್ಟು, ಪೆನ್ನಿನಲ್ಲಿ ಗೀಟು ಹಾಕುತ್ತಾ ಓದಿದೆ. ನಂಬರ್ ಸರಿ, ಜಿಎಸ್‌ಟಿಐಎನ್ ಸರಿ, ತೂಕ ಸರಿ. ಐಜಿಎಸ್‌ಟಿ ಕಟ್ಟಿದ್ದೀರಾ ಅನ್ನುವ ಕಡೆ ಮಾತ್ರ ಎಲ್‌ಯುಟಿ, ಅಂದರೆ ತೆರಿಗೆ ಕಟ್ಟದೆ ಮುಚ್ಚಳಿಕೆ ಮೇಲೆ ಕಳಿಸುವ ರಫ್ತು, ಅಂತ ಇತ್ತು! ಮೇಲ್‌ನಲ್ಲಿ ಬರೆದಿದ್ದರೂ ಹಾಗೇ ಬಂದಿತ್ತು. ಅವರ ಹೆಚ್ಚಿನ ಗಿರಾಕಿಗಳು ಎಲ್‌ಯುಟಿ ಮೇಲೆಯೇ ಕಳಿಸುತ್ತಾರಂತೆ, ಹಳೇ ಫೈಲನ್ನೇ ನಕಲು ಮಾಡಿದ್ದರು. ಅದು ಹಾಗೇ ಹೋಗಿದ್ದರೆ 73,000ದ ಕಥೆ ಇನ್ನೊಂದು ದಾರಿಯಲ್ಲಿ ಮತ್ತೆ ಶುರುವಾಗುತ್ತಿತ್ತು.

ತೂಕದಲ್ಲೂ ಒಂದು ಸಲ ಎಡವಿದ್ದೆ. ವಿಜಿಎಂ ಅಂದರೆ ಸರಕು ತುಂಬಿದ ಕಂಟೇನರ್‌ನ ಒಟ್ಟು ತೂಕ. 2016ರ ಜುಲೈ 1ರಿಂದ ಅದನ್ನು ಕೊಡದೆ ಕಂಟೇನರ್ ಹಡಗು ಹತ್ತುವುದಿಲ್ಲ. ಕೊಡುವ ಹೊಣೆ ಮಾಲು ಕಳಿಸುವವರದ್ದು. ಮೊದಲ ಸಲ ನಾನು ಸುಮ್ನೆ ಪ್ಯಾಕಿಂಗ್ ಲಿಸ್ಟ್‌ನ ತೂಕವನ್ನೇ ಬರೆದು ಸಹಿ ಹಾಕಿದ್ದೆ, ಅದೃಷ್ಟಕ್ಕೆ ಏಜೆಂಟ್ ಹಿಡಿದರು. ಖಾಲಿ ಕಂಟೇನರ್‌ನ ತೂಕ ಅದರ ಬಾಗಿಲ ಮೇಲೇ ಬರೆದಿರುತ್ತದೆ. ಈ ಸಲ ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೋ, ಅಂದರೆ ಐಸಿಡಿಯಲ್ಲಿ ಪೆಟ್ಟಿಗೆ ತುಂಬುವಾಗ ನಮ್ಮ ಹುಡುಗ ಬಾಗಿಲಿನ ಫೋಟೋ ಕಳಿಸಿದ: 2,220 ಕೆಜಿ. 6,804ಕ್ಕೆ ಅದನ್ನು ಕೂಡಿಸಿ 9,024 ಅಂತ ಕೊಟ್ಟೆ.

ಬಿಎಲ್ ಅಂದರೆ ಹಡಗಿನ ಕಂಪನಿ ಮಾಲಿಗೆ ಕೊಡುವ ರಸೀದಿ. ಅದರ ಡ್ರಾಫ್ಟ್‌ನಲ್ಲಿ ಗಿರಾಕಿಯ ಹೆಸರು ಇನ್‌ವಾಯ್ಸ್‌ನಲ್ಲಿದ್ದಂತೆಯೇ ಇದೆಯಾ, ಸಿಐಎಫ್, ಅಂದರೆ ಸಾಗಣೆ ಮತ್ತು ವಿಮೆ ನಮ್ಮ ಬೆಲೆಯಲ್ಲೇ ಸೇರಿದ್ದರಿಂದ 'ಫ್ರೈಟ್ ಪ್ರೀಪೇಯ್ಡ್' ಅಂತ ಇದೆಯಾ, ಇಷ್ಟೇ ನೋಡಿದ್ದು.

ಏಜೆಂಟ್‌ನಿಂದ ಶಿಪ್ಪಿಂಗ್ ಬಿಲ್ ಬಂದ ಮೇಲೆ ಅದೇ ಮೇಲನ್ನು ಲೆಕ್ಕದ ಹುಡುಗನಿಗೆ ಫಾರ್ವರ್ಡ್ ಮಾಡಿ ಮೇಲೆ ಒಂದೇ ಸಾಲು ಬರೆದೆ: 'ಪೋರ್ಟ್ ಕೋಡ್ INWFD6.' ಕಂಟೇನರ್ ಚೆನ್ನೈ ಮೂಲಕ ಹೋಗುತ್ತದೆ ಅಂತ ಅವನು GSTR-1ರಲ್ಲಿ ಚೆನ್ನೈ ಬಂದರಿನ INMAA1 ಹಾಕುವವನಿದ್ದ. ಶಿಪ್ಪಿಂಗ್ ಬಿಲ್ ಸಲ್ಲಿಕೆಯಾದದ್ದು ವೈಟ್‌ಫೀಲ್ಡ್‌ನಲ್ಲಿ, ಹಾಗಾಗಿ ಕೋಡ್ ಅಲ್ಲಿಯದೇ ಬೇಕು. ತಪ್ಪಿದರೆ SB001 ಬರುತ್ತದೆ.

ಹಡಗು ಹೊರಟ ವಾರಕ್ಕೆ ಏಜೆಂಟ್‌ಗೆ ಇನ್ನೊಂದು ಮೇಲ್ ಹಾಕಿದೆ, ಚೆನ್ನೈನಲ್ಲಿ ಗೇಟ್‌ವೇ ಇಜಿಎಂ ಸಲ್ಲಿಕೆಯಾಯಿತಾ ಅಂತ. ಐಸಿಡಿಯಿಂದ ಹೋದ ಮಾಲಿಗೆ ಅದು ಬಾರದಿದ್ದರೆ ರೀಫಂಡ್ SB006 ಅಂತ ನಿಲ್ಲುತ್ತದೆ. 'ಆಗಿದೆ ಸರ್' ಅಂತ ಉತ್ತರ ಬಂತು. ಆ ತಿಂಗಳ GSTR-1, GSTR-3B ರಿಟರ್ನ್ ಎರಡೂ ಹಾಕಿದ ಮೇಲೆ ICEGATE ನೋಡಿದೆ. SB000 ಅಂತ ಇತ್ತು, ಅಂದರೆ ಎಲ್ಲ ಹೊಂದಿದೆ.