ದಿನ ಬಿಟ್ಟು ದಿನ ಅರ್ಧ ಮಾತ್ರೆ: ಡಿಗಾಕ್ಸಿನ್ ಜೊತೆ ನನ್ನ ಅನುಭವ

ಕಲಬುರಗಿಯ ನನ್ನ ಕ್ಲಿನಿಕ್ಕಿಗೆ ಆಳಂದ ಕಡೆಯಿಂದ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಬರುತ್ತಾರೆ. ತೂಕ ಸುಮಾರು 45 ಕೆಜಿ, ಕಿಡ್ನಿ ಸೋತು ಕ್ರಿಯಾಟಿನಿನ್ 2ರ ಮೇಲೆ, ನಾಡಿ ಏರುಪೇರು. ದಮ್ಮು ಇತ್ತು, ಬಿಪಿಯೂ ಕಡಿಮೆ, ಅದಕ್ಕೇ ನಾಡಿಯ ಓಟ ತಗ್ಗಿಸುವ ಡಿಗಾಕ್ಸಿನ್ ಹಿಡಿದೆ. ದಿನಾ ಅರ್ಧ ಮಾತ್ರೆ, ಅಂದರೆ 0.125 ಮಿಗ್ರಾಂ.

ಐದನೇ ದಿನ ನೋಡಿದರೆ ನಾಡಿ ಇನ್ನೂ 110. ಸಾಲುತ್ತಿಲ್ಲ ಅಂದುಕೊಂಡು ಪೂರ್ತಿ ಮಾತ್ರೆ ಮಾಡಿದೆ. ಅಲ್ಲೇ ನಾನು ತಪ್ಪಿದ್ದು. ಅವರ ಕಿಡ್ನಿಯ ಕ್ಲಿಯರೆನ್ಸ್‌ಗೆ ಹಾಫ್ ಲೈಫ್, ಅಂದರೆ ಮೈಯಲ್ಲಿರುವ ಔಷಧಿ ಅರ್ಧಕ್ಕೆ ಇಳಿಯುವ ಸಮಯ, ಹತ್ತಿರ ಹತ್ತಿರ 4 ದಿನ. ಐದು ದಿನಕ್ಕೆ ಔಷಧಿ ಅರ್ಧ ದಾರಿಯನ್ನಷ್ಟೇ ದಾಟಿರುತ್ತದೆ, ಮಟ್ಟ ಏರುವುದು ನಿಂತು ಸ್ಟೆಡಿ ಸ್ಟೇಟ್‌ಗೆ ಬರಲು ಇಪ್ಪತ್ತು ದಿನವಾದರೂ ಬೇಕು. ಡೋಸ್ ಹೆಚ್ಚಿಸಿದರೂ ಆ ಇಪ್ಪತ್ತು ದಿನ ಕಡಿಮೆ ಆಗಲ್ಲ, ಮುಟ್ಟುವ ಮಟ್ಟ ಮಾತ್ರ ಮೇಲಕ್ಕೆ ಹೋಗುತ್ತದೆ.

ಮೂರನೇ ವಾರ ಮಗ ಎತ್ತಿಕೊಂಡು ಬಂದ. ರೊಟ್ಟಿ ಸೇರುತ್ತಿಲ್ಲ, ವಾಂತಿ, ನಾಡಿ 44. 'ಎಲ್ಲಾ ಹಳದಿ ಕಾಣಸ್ತದ್ರೀ ಸಾಹೇಬ್ರ' ಅಂದರು ಅಜ್ಜಿ. ಮಾತ್ರೆ ನಿಲ್ಲಿಸಿ ಅಡ್ಮಿಟ್ ಮಾಡಿಸಿ ಇಸಿಜಿ, ಪೊಟ್ಯಾಶಿಯಂ ನೋಡಿದೆವು. ಡಿಗಾಕ್ಸಿನ್ ಲೆವೆಲ್‌ಗೆ ರಕ್ತ ಹೈದರಾಬಾದಿಗೆ ಹೋಗಬೇಕಿತ್ತು, ಒಂದು ಸಲಕ್ಕೆ ಸಾವಿರ ರೂಪಾಯಿ ಮೇಲೆ ಆಗುತ್ತಿತ್ತು. ಲೆವೆಲ್ 3ರ ಹತ್ತಿರ, ಅಂದರೆ ವಿಷದ ಮಟ್ಟಕ್ಕೆ ಬಂತು. ಒಟ್ಟು ಹದಿನೈದು ಸಾವಿರ ಖರ್ಚಾಯ್ತು, ಆ ಮನೆಯವರು ತೊಗರಿ ಮಾರಿ ಕೊಟ್ಟ ದುಡ್ಡು ಅದು. ಇವತ್ತಿಗೂ ಕಾಡುತ್ತದೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ಹಾಫ್ ಲೈಫ್ ಒಂದೂವರೆ ದಿನ ಇದ್ದವರಿಗೆ ದಿನಾ ಕೊಟ್ಟರೆ ಕೊನೆಗೆ ಮೈಯಲ್ಲಿ ಎರಡೂಮುಕ್ಕಾಲು ಡೋಸ್‌ನಷ್ಟು ಸೇರುತ್ತದೆ. ನಮ್ಮ ಅಜ್ಜಿಗೆ ಆರರ ಮೇಲೆ. ದಿನ ಬಿಟ್ಟು ದಿನ ಕೊಟ್ಟರೆ ಮೂರೂವರೆಗೆ ಇಳಿಯುತ್ತದೆ.

ಕಾಂಪೌಂಡರ್ ನಂಬಲಿಲ್ಲ. ಎರಡು ಬಕೆಟ್‌ನಲ್ಲಿ ಹತ್ತತ್ತು ಲೀಟರ್ ನೀರಿಟ್ಟು ಒಂದೊಂದು ಚಮಚ ಶಾಯಿ ಹಾಕಿಸಿದೆ. ಒಂದರಲ್ಲಿ ಪ್ರತಿ ಸುತ್ತಿಗೂ ಒಂದೂವರೆ ಲೀಟರ್ ಚೆಲ್ಲಿ, ಅಷ್ಟೇ ನೀರು ತುಂಬಿ, ಮತ್ತೆ ಒಂದು ಚಮಚ. ಇನ್ನೊಂದರಲ್ಲಿ ಮೂರು ಲೀಟರ್ ಚೆಲ್ಲಿ, ಅಷ್ಟೇ ನೀರು ತುಂಬಿ ಒಂದು ಚಮಚ. ಶಾಯಿ ಅಂದರೆ ಮಾತ್ರೆ; ಮೊದಲನೆಯದರ ಒಂದು ಸುತ್ತು ಒಂದು ದಿನ, ಎರಡನೆಯದರ ಒಂದು ಸುತ್ತು ಎರಡು ದಿನ ಅಂತ ಲೆಕ್ಕ. ಮೊದಲನೆಯದು ಇಪ್ಪತ್ತು ಸುತ್ತಿನವರೆಗೂ ಕಪ್ಪಾಗುತ್ತಲೇ ಹೋಯ್ತು. ಎರಡನೆಯದರ ಬಣ್ಣ ಹತ್ತು ಸುತ್ತಿಗೇ ನಿಂತುಬಿಟ್ಟಿತು, ಅದೂ ಅರ್ಧದಷ್ಟು ತೆಳ್ಳಗೆ!

ಹಿರಿಯ ಡಾಕ್ಟರೊಬ್ಬರು 'ದಿನ ಬಿಟ್ಟು ದಿನ ಕೊಟ್ರ ನಾಡಿ ಮತ್ತ ಓಡ್ತದ' ಅಂದರು. ಆದರೂ ಅಜ್ಜಿಯ ಲೆವೆಲ್ ಪೂರ್ತಿ ಇಳಿದ ಮೇಲೆ ಅರ್ಧ ಮಾತ್ರೆ, ದಿನ ಬಿಟ್ಟು ದಿನ ಶುರು ಮಾಡಿದೆ. ನಡುವೆ ಒಮ್ಮೆ ಮಾತ್ರೆ ನುಂಗಿದ ಎರಡು ಗಂಟೆಗೇ ರಕ್ತ ತೆಗೆದುಬಿಟ್ಟರು, ಲೆವೆಲ್ ಸುಳ್ಳೇ ಜಾಸ್ತಿ ಬಂತು, ದುಡ್ಡು ನೀರುಪಾಲು. ಆರು ಗಂಟೆಯಾದರೂ ಬಿಡಬೇಕು. ನಾನೀಗ ಮಾತ್ರೆಗೆ ಮುಂಚೆಯೇ ತೆಗೆಸುತ್ತೇನೆ. 24ನೇ ದಿನ ಲೆವೆಲ್ 0.9, ನಾಡಿ 80ರ ಆಸುಪಾಸು. ಆ ಹಿರಿಯರು ಈಗ ಕಿಡ್ನಿ ಕೇಸುಗಳಲ್ಲಿ ನನಗೇ ಫೋನ್ ಮಾಡುತ್ತಾರೆ. ಓದು ಬರದ ಅಜ್ಜಿಗೆ ಯಾವ ದಿನ ಮಾತ್ರೆ ಅಂತ ನೆನಪಿರುವ ಹಾಗೆ ಮಾಡಿದ ಉಪಾಯವನ್ನು ಮಾತ್ರ ಇಲ್ಲಿ ಬರೆಯಲ್ಲ, ಎದುರು ಸಿಕ್ಕಾಗ ಹೇಳುತ್ತೇನೆ.

ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಅವರಿಗೆ ನೀರು ಸಾಲದೆ ಕ್ರಿಯಾಟಿನಿನ್ 2.6 ಆಯ್ತು. ಆಗ ಡೋಸ್ ಮುಟ್ಟದೆ ಮೂರು ದಿನಕ್ಕೊಮ್ಮೆ ಮಾಡಿದೆ, ಮಳೆ ಬಿದ್ದ ಮೇಲೆ ಕ್ರಿಯಾಟಿನಿನ್ ನೋಡಿ ಮತ್ತೆ ದಿನ ಬಿಟ್ಟು ದಿನ.